ವರ್ಗಗಳ ಸರಾಸರಿ, ಸರಾಸರಿಯ ವರ್ಗಕ್ಕಿಂತ ಯಾಕೆ ಕಡಿಮೆಯಾಗುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಕ್ಕಮಗಳೂರಿನಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಕೆಲವು ವರ್ಷಗಳ ಹಿಂದೆ ತೋಟದ ಸಿಲ್ವರ್ ಮರ ಮಾರುವಾಗ ವ್ಯಾಪಾರಿಯೊಬ್ಬರು ಹತ್ತಾರು ಮರಕ್ಕೆ ಟೇಪು ಹಿಡಿದು, ಸುತ್ತಳತೆಯ ಸರಾಸರಿ ತೆಗೆದು, ಒಂದೇ ಗುಣಾಕಾರದಲ್ಲಿ ಇಡೀ ಲಾಟಿನ ಲೆಕ್ಕ ಮುಗಿಸಿದರು. ಅಪ್ಪ ಒಪ್ಪಿಕೊಂಡರು. ರಾತ್ರಿ ಕೂತು ಒಂದೊಂದೇ ಮರದ ಲೆಕ್ಕ ಹಾಕಿ ಕೂಡಿದಾಗ ಮೊತ್ತ ಹೆಚ್ಚು ಬಂತು. ವ್ಯಾಪಾರಿ ಮೋಸ ಮಾಡಿದ್ದರು ಎಂದು ನಾನು ಹೇಳುವುದಿಲ್ಲ. ಆ ದಾರಿಯಲ್ಲಿ ಲೆಕ್ಕ ಹಾಕಿದರೆ ಯಾರು ಹಾಕಿದರೂ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಅದರ ಕಾರಣವನ್ನು ತರಗತಿಯಲ್ಲಿ ಹೇಳಲು ಶುರು ಮಾಡಿದ ಮೇಲೆ ಮಕ್ಕಳು, ಅಕ್ಕಪಕ್ಕದ ತೋಟದವರು, ಕಾಗದ ಬರೆದವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ.

## ಮೊದಲ ಹೆಜ್ಜೆ

"ಸರಾಸರಿ ತೆಗೆದು ವರ್ಗ ಮಾಡಿದರೂ, ವರ್ಗ ಮಾಡಿ ಸರಾಸರಿ ತೆಗೆದರೂ ಒಂದೇ ಅಲ್ವಾ ಸರ್?"

ಅಲ್ಲ. ಎರಡೇ ಮರ ತೆಗೆದುಕೊಳ್ಳಿ. ಒಂದರ ಸುತ್ತಳತೆ 3 ಅಡಿ, ಇನ್ನೊಂದರದು 5 ಅಡಿ. ಸರಾಸರಿ 4, ಅದರ ವರ್ಗ 16. ಈಗ ಮೊದಲು ವರ್ಗ ಮಾಡಿ: 9 ಮತ್ತು 25. ಕೂಡಿ ಎರಡರಿಂದ ಭಾಗಿಸಿದರೆ 17. ಒಂದು ಹೆಚ್ಚು ಬಂತು.

ಎರಡು ಮರಗಳ ಅಂತರ ಹೆಚ್ಚಿಸಿ ನೋಡಿ. 2 ಅಡಿ ಮತ್ತು 6 ಅಡಿಯ ಮರಗಳಿಗೂ ಸರಾಸರಿ 4 ಅಡಿಯೇ, ವರ್ಗ 16. ಆದರೆ ವರ್ಗಗಳು 4 ಮತ್ತು 36, ಅವುಗಳ ಸರಾಸರಿ 20. ವ್ಯತ್ಯಾಸ 4ಕ್ಕೆ ಏರಿತು. ಎರಡೂ ಮರ ನಾಲ್ಕು ನಾಲ್ಕು ಅಡಿಯವಾಗಿದ್ದರೆ ಎರಡು ಲೆಕ್ಕವೂ 16ಕ್ಕೇ ನಿಲ್ಲುತ್ತಿತ್ತು. ಸರಾಸರಿ ಅಲ್ಲಾಡದಿದ್ದರೂ ಮರಗಳು ಒಂದಕ್ಕೊಂದು ದೂರವಾದಷ್ಟೂ ವರ್ಗಗಳ ಸರಾಸರಿ ಮೇಲೇರುತ್ತದೆ. ಎಷ್ಟು ಮೇಲೇರುತ್ತದೆ ಎಂಬುದಕ್ಕೂ ಕರಾರುವಾಕ್ಕಾದ ಉತ್ತರವಿದೆ: ಮರಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂದು ಅಳೆಯುವ ವೇರಿಯನ್ಸ್ ಎಷ್ಟಿದೆಯೋ ಅಷ್ಟು, ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲ.

"ಮರಕ್ಕೂ ವರ್ಗಕ್ಕೂ ಏನು ಸಂಬಂಧ? ನಾವು ಅಳೆಯೋದು ಸುತ್ತಳತೆ ತಾನೇ?"

ಅಳೆಯುವುದು ಸುತ್ತಳತೆ, ದುಡ್ಡು ಕೊಡುವುದು ಘನ ಅಡಿಗೆ, ಅಂದರೆ ಸಿಎಫ್‌ಟಿಗೆ. ನಮ್ಮ ಕಡೆ ನಾಟಾ ಲೆಕ್ಕ ಬಹಳ ಸಲ ಹೀಗೆ ನಡೆಯುತ್ತದೆ: ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಉದ್ದದಿಂದ ಗುಣಿಸುವುದು. 4 ಅಡಿ ಸುತ್ತಳತೆಯ, 20 ಅಡಿ ಉದ್ದದ ದಿಮ್ಮಿ ಇದ್ದರೆ ಕಾಲು ಭಾಗ 1 ಅಡಿ, ವರ್ಗ 1, ಉದ್ದದಿಂದ ಗುಣಿಸಿದರೆ 20 ಸಿಎಫ್‌ಟಿ. ವರ್ಗ ಒಳಗೆ ಬರುವುದು ಇಲ್ಲಿಯೇ. ಸುತ್ತಳತೆ ಎರಡು ಪಟ್ಟಾದರೆ ನಾಟಾ ನಾಲ್ಕು ಪಟ್ಟಾಗುತ್ತದೆ.

ಹತ್ತು ದಿಮ್ಮಿಗಳ ಒಂದು ಲಾಟು ಇದೆ ಎನ್ನಿ, ಎಲ್ಲವೂ 20 ಅಡಿ ಉದ್ದ. ಸುತ್ತಳತೆ ಅಡಿಗಳಲ್ಲಿ ಹೀಗಿದೆ:

2, 3, 3, 4, 4, 4, 4, 5, 5, 6

ಮೊತ್ತ 40, ಸರಾಸರಿ 4 ಅಡಿ. ಸರಾಸರಿ ಹಿಡಿದು ಲೆಕ್ಕ ಹಾಕಿದವರಿಗೆ ದಿಮ್ಮಿಗೆ 20ರಂತೆ ಹತ್ತಕ್ಕೆ 200 ಸಿಎಫ್‌ಟಿ ಸಿಗುತ್ತದೆ. ಈಗ ಒಂದೊಂದಾಗಿ ಹಾಕಿ. 2 ಅಡಿಯ ದಿಮ್ಮಿ 5 ಸಿಎಫ್‌ಟಿ. 3 ಅಡಿಯದು 11.25, ಅಂಥವು ಎರಡು. 4 ಅಡಿಯವು ನಾಲ್ಕು, ಒಂದೊಂದೂ 20. 5 ಅಡಿಯವು ಎರಡು, ಒಂದೊಂದೂ 31.25. 6 ಅಡಿಯ ಒಂದೇ ದಿಮ್ಮಿ 45 ಸಿಎಫ್‌ಟಿ. ಎಲ್ಲ ಕೂಡಿದರೆ 215.

ಹದಿನೈದು ಸಿಎಫ್‌ಟಿ ಎಲ್ಲಿ ಹೋಯಿತು? ಟೇಪು ತಪ್ಪಿಲ್ಲ, ಕೂಡಿದ್ದು ತಪ್ಪಿಲ್ಲ. ವರ್ಗ ಮಾಡುವ ಮೊದಲೇ ಸರಾಸರಿ ತೆಗೆದದ್ದರಿಂದ ಹೋಯಿತು.

"ವೇರಿಯನ್ಸ್ ಅಂದ್ರೆ ಏನು? ಪುಸ್ತಕದ ಸೂತ್ರ ಬೇಡ, ಮರದಲ್ಲೇ ಹೇಳಿ."

ಅದೇ ಹತ್ತು ದಿಮ್ಮಿಗಳ ಸಾಲಿನ ಮುಂದೆ ನಿಂತುಕೊಳ್ಳಿ. ಪ್ರತಿ ದಿಮ್ಮಿಯೂ ಸರಾಸರಿ 4 ಅಡಿಯಿಂದ ಎಷ್ಟು ದೂರ ಎಂದು ಬರೆದುಕೊಳ್ಳಿ. 2 ಅಡಿಯದು ಎರಡು ಕಡಿಮೆ, 6 ಅಡಿಯದು ಎರಡು ಹೆಚ್ಚು, 3 ಮತ್ತು 5 ಅಡಿಯವು ಒಂದೊಂದು ಅಡಿ ಆಚೀಚೆ, 4 ಅಡಿಯವು ಇದ್ದಲ್ಲೇ. ಈ ದೂರಗಳನ್ನು, ಅಂದರೆ ವಿಚಲನೆಗಳನ್ನು, ಹಾಗೆಯೇ ಕೂಡಿದರೆ ಹೆಚ್ಚಿನವೂ ಕಡಿಮೆಯವೂ ಒಂದನ್ನೊಂದು ತಿಂದು ಸೊನ್ನೆ ಬರುತ್ತದೆ, ಏನೂ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ದೂರವನ್ನೂ ವರ್ಗ ಮಾಡುತ್ತೇವೆ: 4, 1, 1, ನಾಲ್ಕು ಸೊನ್ನೆ, 1, 1, 4. ಮೊತ್ತ 12. ಹತ್ತರಿಂದ ಭಾಗಿಸಿದರೆ 1.2. ಇದೇ ಈ ಲಾಟಿನ ವೇರಿಯನ್ಸ್. ಇದರ ವರ್ಗಮೂಲ ತೆಗೆದರೆ ಪುಸ್ತಕದಲ್ಲಿ ಮಾನಕ ವಿಚಲನೆ ಎಂದು ಕರೆಯುವುದು ಬರುತ್ತದೆ.

ವೇರಿಯನ್ಸ್ ಎಂಬ ಹೆಸರನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್, 1918ರಲ್ಲಿ.

## ಕಾರಣ

"ವೇರಿಯನ್ಸ್ ಸೊನ್ನೆಗಿಂತ ಕೆಳಗೆ ಹೋಗಲ್ಲ ಅಂತ ಒಪ್ಪಿದೆ. ಅದರಿಂದ ವರ್ಗಗಳ ಸರಾಸರಿ ದೊಡ್ಡದು ಅಂತ ಹೇಗೆ ಬರುತ್ತೆ?"

ವೇರಿಯನ್ಸ್ ಎಂದರೆ ವಿಚಲನೆಗಳ ವರ್ಗಗಳ ಸರಾಸರಿ. ಯಾವ ನೈಜ ಸಂಖ್ಯೆಯ ವರ್ಗವೂ ಋಣವಾಗುವುದಿಲ್ಲ, ಋಣವಲ್ಲದವುಗಳ ಸರಾಸರಿಯೂ ಋಣವಾಗುವುದಿಲ್ಲ. ಇಷ್ಟನ್ನು ನೀವು ಒಪ್ಪಿದ್ದೀರಿ. ಉಳಿದಿರುವುದು ಆವರಣ ಬಿಡಿಸುವ ಕೆಲಸ ಮಾತ್ರ.

ಒಂದು ಮರದ ಸುತ್ತಳತೆ x, ಎಲ್ಲ ಮರಗಳ ಸರಾಸರಿ m ಎನ್ನಿ. ಪ್ರತಿ ಮರಕ್ಕೂ

(x − m)² = x² − 2mx + m²

ಈಗ ಎಲ್ಲ ಮರಗಳ ಮೇಲೆ ಸರಾಸರಿ ತೆಗೆಯಿರಿ. ಎಡಗಡೆಯ ಸರಾಸರಿಯೇ ವೇರಿಯನ್ಸ್. ಬಲಗಡೆ ಮೊದಲ ಪದ ವರ್ಗಗಳ ಸರಾಸರಿಯಾಗುತ್ತದೆ. ನಡುವಿನ ಪದದಲ್ಲಿ 2m ಎಲ್ಲ ಮರಕ್ಕೂ ಒಂದೇ, ಬದಲಾಗುವುದು x ಮಾತ್ರ. x ನ ಸರಾಸರಿ m ಆದ್ದರಿಂದ ಆ ಪದ −2m² ಆಗುತ್ತದೆ. ಕೊನೆಯ m² ಎಲ್ಲ ಮರಕ್ಕೂ ಒಂದೇ ಆದ್ದರಿಂದ ಅದರ ಸರಾಸರಿ ಅದೇ. −2m² ಮತ್ತು +m² ಸೇರಿ −m² ಉಳಿಯುತ್ತದೆ. ಅಂದರೆ

ವೇರಿಯನ್ಸ್ = ವರ್ಗಗಳ ಸರಾಸರಿ − ಸರಾಸರಿಯ ವರ್ಗ

ಎಡಗಡೆಯದು ಸೊನ್ನೆಗಿಂತ ಕಡಿಮೆಯಿಲ್ಲ, ಹಾಗಾಗಿ ಬಲಗಡೆಯ ಕಳೆಯುವಿಕೆಯೂ ಸೊನ್ನೆಗಿಂತ ಕಡಿಮೆಯಿಲ್ಲ. ವರ್ಗಗಳ ಸರಾಸರಿ ಸರಾಸರಿಯ ವರ್ಗದಷ್ಟಿರಬೇಕು, ಇಲ್ಲವೇ ಅದಕ್ಕಿಂತ ಹೆಚ್ಚಿರಬೇಕು.

ನಮ್ಮ ಲಾಟಿನಲ್ಲಿ ತಾಳೆ ನೋಡಿ. ವರ್ಗಗಳು 4, 9, 9, ನಾಲ್ಕು ಸಲ 16, 25, 25, 36. ಮೊತ್ತ 172, ಸರಾಸರಿ 17.2. ಅದರಿಂದ 16 ಕಳೆದರೆ 1.2. ದೂರಗಳನ್ನು ವರ್ಗ ಮಾಡಿ ತೆಗೆದ ವೇರಿಯನ್ಸೂ 1.2 ಇತ್ತು. ಕಳೆದುಹೋದ ನಾಟಾ 200ಕ್ಕೆ 15, ಅಂದರೆ ನೂರಕ್ಕೆ ಏಳೂವರೆ. 1.2 ಅನ್ನು 16ರಿಂದ ಭಾಗಿಸಿದರೂ ಅದೇ 0.075. ನಷ್ಟದ ಪ್ರಮಾಣ ಪೂರ್ತಿ ಈ ಭಾಗಾಕಾರದಲ್ಲೇ ಇದೆ.

"ವಿಚಲನೆಗಳ ಮೊತ್ತ ಸೊನ್ನೆ ಅಂತ ಓದಿದ್ದೀವಿ. ಹಾಗಾದ್ರೆ ನಡುವಿನ ಪದ ಸೊನ್ನೆ ಆಗಬೇಕಿತ್ತಲ್ಲ, −2m² ಹೇಗೆ ಬಂತು?"

ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಕೇಳಿದವರು ಸರಿಯಾಗಿಯೇ ಯೋಚಿಸುತ್ತಿದ್ದಾರೆ, ಬೇರೆ ಬಿಡಿಸುವಿಕೆಯ ನಡುಪದವನ್ನು ಇಲ್ಲಿಗೆ ತಂದಿದ್ದಾರೆ, ಅಷ್ಟೆ. (x − m)² ಬಿಡಿಸಿದಾಗ ನಡುಪದದಲ್ಲಿ ಇರುವುದು x, ಅದರ ಸರಾಸರಿ m. ಸೊನ್ನೆಯಾಗುವುದು x − m ನ ಸರಾಸರಿ.

ನೀವು ಹೇಳಿದ ಸೊನ್ನೆ ಬರುವ ದಾರಿಯೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಪ್ರತಿ ಮರದ ಸುತ್ತಳತೆಯನ್ನು ಸರಾಸರಿ ಮತ್ತು ವಿಚಲನೆಯ ಮೊತ್ತವಾಗಿ ಬರೆಯಿರಿ, x = m + d. ಆಗ

x² = m² + 2md + d²

ಸರಾಸರಿ ತೆಗೆದಾಗ d ಗಳ ಸರಾಸರಿ ಸೊನ್ನೆ, ನಡುಪದ ಮಾಯವಾಗುತ್ತದೆ. ಉಳಿದದ್ದು m² ಮತ್ತು d² ಗಳ ಸರಾಸರಿ. ವರ್ಗಗಳ ಸರಾಸರಿ ಎಂದರೆ ಸರಾಸರಿಯ ವರ್ಗದ ಮೇಲೆ ವೇರಿಯನ್ಸ್ ಕೂಡಿದ್ದು.

ಇದನ್ನು ಎರಡು ದಿಮ್ಮಿಗಳಲ್ಲಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. 4 ಅಡಿಯಿಂದ ಒಂದು ಅಡಿ ದಪ್ಪವಾದ ಮರದ ವರ್ಗ 16ರಿಂದ 25ಕ್ಕೆ ಹೋಗುತ್ತದೆ, ಗಳಿಕೆ 9. ಒಂದು ಅಡಿ ಸಣ್ಣದಾದ ಮರದ ವರ್ಗ 16ರಿಂದ 9ಕ್ಕೆ ಇಳಿಯುತ್ತದೆ, ನಷ್ಟ 7. ಸುತ್ತಳತೆಯಲ್ಲಿ ಏರಿದ್ದೂ ಇಳಿದದ್ದೂ ಸಮ, ಆದರೆ ವರ್ಗದಲ್ಲಿ ದಪ್ಪ ಮರ ತಂದುಕೊಟ್ಟದ್ದು ಸಣ್ಣ ಮರ ಕಳೆದದ್ದಕ್ಕಿಂತ ಹೆಚ್ಚು. ಆ 9ರಲ್ಲಿ 8 + 1 ಇದೆ, 7ರಲ್ಲಿ 8 − 1 ಇದೆ. ಎಂಟುಗಳು 2md, ಒಂದಕ್ಕೊಂದು ವಜಾ ಆಗುತ್ತವೆ. ಒಂದುಗಳು d², ಎರಡೂ ನಮ್ಮ ಕಡೆಗೇ ಉಳಿಯುತ್ತವೆ.

"ಎರಡೂ ಸಮ ಆಗೋದು ಯಾವಾಗ? ಮರಗಳು ಹೆಚ್ಚುಕಡಿಮೆ ಒಂದೇ ಥರ ಇದ್ರೆ ಸಾಕಾ?"

ಸರಿಸಮ ಆಗಬೇಕಾದರೆ ಒಂದೇ ಥರ ಇದ್ದರೆ ಸಾಲದು, ಒಂದೇ ಆಗಿರಬೇಕು. ವೇರಿಯನ್ಸ್ ಸೊನ್ನೆಯಾಗಲು ಪ್ರತಿ ವಿಚಲನೆಯ ವರ್ಗವೂ ಸೊನ್ನೆಯಾಗಲೇಬೇಕು. ಋಣವಲ್ಲದವುಗಳ ಮೊತ್ತ ಸೊನ್ನೆ ಎಂದರೆ ಅದರಲ್ಲಿ ಯಾವುದೂ ಸೊನ್ನೆಗಿಂತ ಹೆಚ್ಚಿರಲು ಜಾಗವಿಲ್ಲ. ಹತ್ತರಲ್ಲಿ ಒಂಬತ್ತು ಮರ ಒಂದೇ ಆಗಿದ್ದು ಹತ್ತನೆಯದು ಅರ್ಧ ಇಂಚು ಬೇರೆಯಾದರೂ ವರ್ಗಗಳ ಸರಾಸರಿ ತುಸು ಮೇಲೇ ಇರುತ್ತದೆ.

ವ್ಯವಹಾರದ ದೃಷ್ಟಿಯಿಂದ ಹೆಚ್ಚುಕಡಿಮೆ ಒಂದೇ ಇದ್ದರೆ ಸಾಕು. ಎಲ್ಲ ಮರವೂ 4 ಅಡಿಯಿಂದ ಎರಡೂವರೆ ಇಂಚಿನೊಳಗೆ ಆಚೀಚೆ ಇದ್ದರೆ ವಿಚಲನೆ ಯಾವುದೂ ಸರಾಸರಿಯ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ಸುಮಾರಾಗಿ ದೊಡ್ಡದಿರುವುದಿಲ್ಲ. ಅದರ ವರ್ಗ ನಾನೂರರಲ್ಲಿ ಒಂದು ಭಾಗ. ನಷ್ಟ ಹೆಚ್ಚೆಂದರೆ ನೂರಕ್ಕೆ 0.25ರ ಆಸುಪಾಸು. ಒಂದೇ ವರ್ಷ ನೆಟ್ಟ, ಒಂದೇ ಇಳಿಜಾರಿನ ಮರಗಳಿಗೆ ಸರಾಸರಿ ಲೆಕ್ಕ ಹಾಕಿದವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಅಜ್ಜ ನೆಟ್ಟದ್ದೂ ಮೊನ್ನೆ ನೆಟ್ಟದ್ದೂ ಕಲೆತಿರುವ ತೋಟದಲ್ಲಿ ಮಾತ್ರ ಒಪ್ಪಬೇಡಿ.

"ಋಣ ಸಂಖ್ಯೆಗಳಿದ್ದರೂ ಈ ನಿಯಮ ನಡೆಯುತ್ತಾ?"

ನಡೆಯುತ್ತದೆ. ಸಾಧನೆಯಲ್ಲಿ x ಧನವಾಗಿರಬೇಕು ಎಂದು ನಾವು ಎಲ್ಲಿಯೂ ಕೇಳಿಲ್ಲ. ಹಳೆ ಟೇಪು, ಹೊಸ ಟೇಪು ಎರಡರಲ್ಲೂ ಒಂದೇ ಮರಗಳನ್ನು ಅಳೆದು ವ್ಯತ್ಯಾಸ ಬರೆದಿರಿ ಎನ್ನಿ: ಒಂದರಲ್ಲಿ 1 ಇಂಚು ಹೆಚ್ಚು, ಇನ್ನೊಂದರಲ್ಲಿ 1 ಇಂಚು ಕಡಿಮೆ. ವ್ಯತ್ಯಾಸಗಳ ಸರಾಸರಿ 0, ಅದರ ವರ್ಗವೂ 0. ವರ್ಗಗಳ ಸರಾಸರಿ 1. ಸರಾಸರಿಯಷ್ಟೇ ನೋಡಿದವರಿಗೆ ಟೇಪು ಚೆನ್ನಾಗಿದೆ ಅನ್ನಿಸುತ್ತದೆ, ಎರಡು ಅಳತೆಯೂ ತಪ್ಪಿರುತ್ತದೆ.

ಆದರೆ ವರ್ಗದ ಜಾಗದಲ್ಲಿ ಘನ ಹಾಕಿ ಇದೇ ಮಾತು ಹೇಳಬೇಡಿ. −4 ಮತ್ತು 0 ತೆಗೆದುಕೊಳ್ಳಿ. ಸರಾಸರಿ −2, ಅದರ ಘನ −8. ಘನಗಳು −64 ಮತ್ತು 0, ಅವುಗಳ ಸರಾಸರಿ −32. ಘನಗಳ ಸರಾಸರಿಯೇ ಕೆಳಗೆ ಬಿತ್ತು. ವರ್ಗದ ವಕ್ರರೇಖೆ ಎಲ್ಲೆಡೆ ಬಟ್ಟಲಿನಂತೆ ಮೇಲ್ಮುಖವಾಗಿ ಬಾಗಿದೆ, ಘನದ ರೇಖೆ ಸೊನ್ನೆಯ ಎಡಗಡೆ ಕವುಚಿದ ಬಟ್ಟಲಿನಂತಿದೆ. ಬಾಗಿನ ಈ ಮಾತನ್ನು ಬಟ್ಟಲಿನಂತೆ ಮೇಲ್ಮುಖವಾಗಿ ಬಾಗಿದ ಎಲ್ಲ ರೇಖೆಗಳಿಗೂ ಹಿಡಿಯುವಂತೆ 1906ರಲ್ಲಿ ಡೆನ್ಮಾರ್ಕಿನ ಗಣಿತಜ್ಞ ಯೆನ್ಸೆನ್ ನಿರೂಪಿಸಿದರು. ನಮ್ಮದು ಅದರ ಅತಿ ಸರಳ ರೂಪ.

## ಲೆಕ್ಕದಲ್ಲಿ ಎಡವುವ ಕಡೆ

"ಕಂಪ್ಯೂಟರಿನ ಶೀಟಿನಲ್ಲಿ ಹಾಕಿದೆ, ವೇರಿಯನ್ಸ್ 1.33 ಬಂತು. ನೀವು 1.2 ಅಂತೀರಿ. ಯಾರದ್ದು ಸರಿ?"

ಎರಡೂ ಸರಿ, ಭಾಗಿಸಿದ ಸಂಖ್ಯೆ ಬೇರೆ. ನೀವು ಬಳಸಿದ್ದು `VAR.S` ಇರಬೇಕು. ಅದು ವಿಚಲನೆಗಳ ವರ್ಗಗಳ ಮೊತ್ತವನ್ನು 10ರ ಬದಲು 9ರಿಂದ ಭಾಗಿಸುತ್ತದೆ: 12 ÷ 9 = 1.33. ದೊಡ್ಡ ತೋಟದಿಂದ ಕೆಲವೇ ಮರ ಆರಿಸಿ ಅಳೆದು, ಅದರಿಂದ ಇಡೀ ತೋಟದ ಹರಡುವಿಕೆಯನ್ನು ಅಂದಾಜು ಮಾಡುವಾಗ ಆ ಭಾಗಾಕಾರ ಬೇಕು. ಆರಿಸಿದ ಮರಗಳು ತಮ್ಮದೇ ಸರಾಸರಿಗೆ ಹತ್ತಿರ ಇರುವುದರಿಂದ, ಹತ್ತರಿಂದ ಭಾಗಿಸಿದರೆ ಅಂದಾಜು ಕಡಿಮೆಯಾಗುತ್ತದೆ.

ಇಲ್ಲಿ ನಾವು ಅಂದಾಜು ಮಾಡುತ್ತಿಲ್ಲ. ಕಣ್ಣೆದುರಿನ ಹತ್ತು ದಿಮ್ಮಿಯೇ ನಮ್ಮ ಇಡೀ ಲಾಟು. ಅದಕ್ಕೆ `VAR.P`. ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗ ಕಳೆದದ್ದಕ್ಕೆ ತಾಳೆಯಾಗುವುದು ಇದು ಮಾತ್ರ. ಶೀಟಿನಲ್ಲೇ ನೋಡಬೇಕೆಂದರೆ ಸುತ್ತಳತೆಗಳನ್ನು ಮೊದಲ ಕಾಲಮಿನಲ್ಲಿ ತುಂಬಿ ಇದನ್ನು ಹಾಕಿ:

```
=SUMSQ(A1:A10)/10-AVERAGE(A1:A10)^2
```

"ಬರೆದುಕೊಟ್ಟ ಲೆಕ್ಕ ತಪ್ಪಿದೆ ಅಂತ ಈ ನಿಯಮದಿಂದ ಗೊತ್ತಾಗುತ್ತಾ?"

ಕೆಲವು ಸಲ ಗೊತ್ತಾಗುತ್ತದೆ, ಅದೂ ಒಂದೊಂದು ಮರದ ಅಳತೆ ಕೈಯಲ್ಲಿ ಇಲ್ಲದಿದ್ದರೂ. ಒಬ್ಬ ಹುಡುಗ ಇದೇ ಲೆಕ್ಕ ಮಾಡಿ ಸುತ್ತಳತೆಗಳ ಮೊತ್ತ 40, ವರ್ಗಗಳ ಮೊತ್ತ 152 ಎಂದು ಬರೆದಿದ್ದ. ಪುಸ್ತಕ ತೆರೆಯದೆ ಇದು ತಪ್ಪು ಎಂದೆ. 152ನ್ನು ಹತ್ತರಿಂದ ಭಾಗಿಸಿದರೆ 15.2, ಅದು 16ಕ್ಕಿಂತ ಕಡಿಮೆ. ಹತ್ತು ಸಂಖ್ಯೆಗಳ ಮೊತ್ತ 40 ಆಗಿದ್ದರೆ ಅವುಗಳ ವರ್ಗಗಳ ಮೊತ್ತ 160ಕ್ಕಿಂತ ಕೆಳಗೆ ಬರಲು ಸಾಧ್ಯವೇ ಇಲ್ಲ. ಹಾಳೆ ನೋಡಿದರೆ 6ರ ವರ್ಗವನ್ನು 36ರ ಬದಲು 16 ಎಂದು ಬರೆದಿದ್ದ. ಇಪ್ಪತ್ತು ಕಡಿಮೆ, ಸರಿಯಾಗಿ 172ಕ್ಕೂ 152ಕ್ಕೂ ಇರುವ ಅಂತರ.

ಭಾಗಾಕಾರ ಬೇಡ ಎನ್ನುವವರು ಹೀಗೆ ಪರೀಕ್ಷಿಸಬಹುದು: ಸಂಖ್ಯೆಗಳ ಎಣಿಕೆಯನ್ನು ವರ್ಗಗಳ ಮೊತ್ತದಿಂದ ಗುಣಿಸಿದರೆ ಮೊತ್ತದ ವರ್ಗಕ್ಕಿಂತ ಕಡಿಮೆ ಬರಬಾರದು. ಇಲ್ಲಿ 10 × 172 = 1720, ಮೊತ್ತದ ವರ್ಗ 1600. ಎಣಿಕೆಯಿಂದ ಗುಣಿಸುವುದನ್ನು ಮರೆತು 172ನ್ನು 1600ರ ಪಕ್ಕ ಇಟ್ಟು "ನಿಯಮವೇ ಉಲ್ಟಾ ಆಯ್ತಲ್ಲ" ಎಂದು ಬಂದವರೂ ಇದ್ದಾರೆ. ಮೊತ್ತದ ವರ್ಗ ಬೇರೆ, ಸರಾಸರಿಯ ವರ್ಗ ಬೇರೆ.

ಪರೀಕ್ಷೆಗೊಂದು ಮಿತಿ ಇದೆ. ಆ ಹುಡುಗ ತಪ್ಪಾಗಿ 166 ಎಂದು ಬರೆದಿದ್ದರೆ ನನಗೆ ಹಾಳೆ ನೋಡದೆ ತಿಳಿಯುತ್ತಿರಲಿಲ್ಲ. ನಿಯಮ ಅಸಾಧ್ಯವಾದುದನ್ನು ಹಿಡಿಯುತ್ತದೆ, ಸಾಧ್ಯವಿರುವ ತಪ್ಪನ್ನು ಬಿಟ್ಟುಬಿಡುತ್ತದೆ.

"ಪ್ರೋಗ್ರಾಮ್ ಬರೆದಾಗ ವೇರಿಯನ್ಸ್ ಸೊನ್ನೆ ಬಂತು, ಸಂಖ್ಯೆಗಳು ಮಾತ್ರ ಬೇರೆ ಬೇರೆ ಇದ್ದವು. ನಿಯಮ ಮುರಿಯಿತಾ?"

ನಿಯಮ ಮುರಿದಿಲ್ಲ, ಕಂಪ್ಯೂಟರಿನ ಅಂಕಿಗಳ ಜಾಗ ಮುಗಿದಿದೆ. ಇದನ್ನು ಪೈಥಾನ್‌ನಲ್ಲಿ ಓಡಿಸಿ ನೋಡಿ:

```
x = [100000001.0, 100000002.0, 100000003.0]
m = sum(x) / 3
print(sum(v*v for v in x) / 3 - m*m)
print(sum((v-m)**2 for v in x) / 3)
```

ಮೊದಲ ಸಾಲು `0.0` ಎನ್ನುತ್ತದೆ, ಎರಡನೆಯದು `0.6666666666666666`. ಎರಡನೆಯದೇ ಸರಿ. ಆ ಸಂಖ್ಯೆಗಳ ವರ್ಗ 17 ಅಂಕಿಗಳಷ್ಟು ಉದ್ದ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಕಂಪ್ಯೂಟರಿನ ಮಾಮೂಲಿ ದಶಮಾಂಶ ಲೆಕ್ಕಕ್ಕೆ ಸಮಸಂಖ್ಯೆಗಳನ್ನು ಮಾತ್ರ ಹಿಡಿದಿಡಲು ಆಗುತ್ತದೆ. ಹಾಗಾಗಿ ಮೊದಲನೆಯ ಮತ್ತು ಮೂರನೆಯ ವರ್ಗದ ಕೊನೆಯಲ್ಲಿದ್ದ ಒಂದೊಂದು ಉದುರಿಹೋಯಿತು. ನಮಗೆ ಬೇಕಿದ್ದ ವೇರಿಯನ್ಸ್ ಆ ಉದುರಿದ ಅಂಕಿಯಲ್ಲೇ ಇತ್ತು. ಬೇರೆ ಸಂಖ್ಯೆಗಳಲ್ಲಿ ಇದೇ ದಾರಿ ಋಣ ಉತ್ತರವನ್ನೂ ಕೊಡಬಹುದು, ಆಮೇಲೆ ವರ್ಗಮೂಲ ತೆಗೆಯಲು ಹೋದಾಗ ಪ್ರೋಗ್ರಾಮ್ ನಿಂತುಬಿಡುತ್ತದೆ.

ಪರಿಹಾರ ನಮ್ಮ ಶಾಲೆಯ ಪುಸ್ತಕದಲ್ಲೇ ಇದೆ: ಅಂದಾಜು ಸರಾಸರಿಯನ್ನು ಮೊದಲು ಕಳೆದು, ಉಳಿದ ಸಣ್ಣ ಸಂಖ್ಯೆಗಳಲ್ಲಿ ಲೆಕ್ಕ ಮಾಡುವುದು. ಎಲ್ಲ ಸಂಖ್ಯೆಗಳಿಂದ ಒಂದೇ ಮೊತ್ತ ಕಳೆದರೆ ವೇರಿಯನ್ಸ್ ಬದಲಾಗುವುದಿಲ್ಲ. ಮೇಲಿನ ಮೂರರಿಂದ 100000000 ಕಳೆದರೆ 1, 2, 3 ಉಳಿಯುತ್ತದೆ, ಆಗ ಯಾವ ದಾರಿ ಹಿಡಿದರೂ ಉತ್ತರ ಸರಿ.

## ಇನ್ನೂ ಒಳಕ್ಕೆ

"ನಾನ್ನೂರು ಮರ ಇದೆ. ಒಂದೊಂದೇ ವರ್ಗ ಮಾಡ್ತಾ ಕೂರೋಕೆ ಆಗಲ್ಲ. ಗುಂಪು ಮಾಡಿ ಸರಾಸರಿ ತೆಗೆದ್ರೆ?"

ಒಳ್ಳೆಯ ದಾರಿ. ದಪ್ಪದ ಪ್ರಕಾರ ಗುಂಪು ಮಾಡಿದರೆ ನಷ್ಟದ ಬಹುಪಾಲು ಅಲ್ಲೇ ಹೋಗುತ್ತದೆ. ನಮ್ಮ ಹತ್ತು ದಿಮ್ಮಿಗಳನ್ನು ಮೂರು ರಾಶಿ ಮಾಡಿ: ಸಣ್ಣವು 2, 3, 3, ನಡುವಿನವು ನಾಲ್ಕು 4, ದಪ್ಪವು 5, 5, 6. ಸಣ್ಣ ರಾಶಿಯ ಸರಾಸರಿ ಸುಮಾರು 2.67 ಅಡಿ, ಅದರಂತೆ ಮೂರು ದಿಮ್ಮಿಗೆ 26.67 ಸಿಎಫ್‌ಟಿ. ನಡುವಿನ ರಾಶಿ 80. ದಪ್ಪ ರಾಶಿಯ ಸರಾಸರಿ 5.33 ಅಡಿ, ಮೂರಕ್ಕೆ 106.67. ಒಟ್ಟು ಸುಮಾರು 213.3. ನಿಜವಾದದ್ದು 215. ಒಂದೇ ಸರಾಸರಿಯಲ್ಲಿ 15 ಸಿಎಫ್‌ಟಿ ಹೋಗಿತ್ತು, ಮೂರು ರಾಶಿಯಲ್ಲಿ ಎರಡಕ್ಕಿಂತ ಕಡಿಮೆ.

ಯಾಕೆಂದರೆ ಇಡೀ ಲಾಟಿನ ವೇರಿಯನ್ಸ್ ಎರಡು ಪಾಲಾಗಿ ಒಡೆಯುತ್ತದೆ: ರಾಶಿ ರಾಶಿಗಳ ಸರಾಸರಿಗಳ ನಡುವಿನ ಪಾಲು ಒಂದು, ಪ್ರತಿ ರಾಶಿಯ ಒಳಗಿನ ಪಾಲು ಇನ್ನೊಂದು. ರಾಶಿಯ ಸರಾಸರಿಗಳನ್ನು ಬೇರೆ ಬೇರೆಯಾಗಿ ವರ್ಗ ಮಾಡಿದಾಗ ಮೊದಲ ಪಾಲು ನಮಗೆ ಸಿಕ್ಕಿಬಿಡುತ್ತದೆ. ಕಳೆದುಹೋಗುವುದು ಒಳಗಿನ ಪಾಲು ಮಾತ್ರ. ನಡುವಿನ ರಾಶಿಯಲ್ಲಿ ಎಲ್ಲವೂ 4 ಅಡಿಯಾದ್ದರಿಂದ ಅಲ್ಲಿ ನಷ್ಟವೇ ಇಲ್ಲ.

ರಾಶಿ ಮಾಡುವುದು ದಪ್ಪದ ಪ್ರಕಾರವೇ ಆಗಬೇಕು. ರಸ್ತೆ ಪಕ್ಕದವು, ಹೊಳೆ ಪಕ್ಕದವು ಎಂದು ಜಾಗದ ಮೇಲೆ ವಿಂಗಡಿಸಿ, ಪ್ರತಿ ರಾಶಿಯಲ್ಲೂ ಸಣ್ಣ ದಪ್ಪ ಕಲೆತಿದ್ದರೆ, ರಾಶಿಗಳ ಸರಾಸರಿ ಎಲ್ಲ ಒಂದೇ ಆಗಿ ನಷ್ಟ ಇದ್ದಷ್ಟೇ ಇರುತ್ತದೆ.

"ಕಾಲುಭಾಗದ ಲೆಕ್ಕದಲ್ಲೇ ಮರ ಕಡಿಮೆ ಬರುತ್ತೆ ಅಂತಾರಲ್ಲ, ಅದೂ ಇದೇನಾ?"

ಅಲ್ಲ, ಅದು ಬೇರೆ. 18ನೇ ಶತಮಾನದ ಇಂಗ್ಲಿಷ್ ಸರ್ವೇಯರ್ ಎಡ್ವರ್ಡ್ ಹಾಪಸ್ ಹೆಸರಿನಲ್ಲಿ ಹೋಗುವ ಆ ಪದ್ಧತಿ, ದುಂಡು ದಿಮ್ಮಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು ಸುತ್ತಳತೆಯ ವರ್ಗದ 16ರಲ್ಲಿ ಒಂದು ಭಾಗ ಎಂದು ಹಿಡಿಯುತ್ತದೆ. ಪೂರ್ತಿ ದುಂಡಗಿದ್ದರೆ ಅದು ಸುಮಾರು 12.57ರಲ್ಲಿ ಒಂದು ಭಾಗ. ಹಾಗಾಗಿ ದುಂಡು ದಿಮ್ಮಿಯ ನೂರಕ್ಕೆ ಸುಮಾರು 78.5 ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಉಳಿದದ್ದು ಕೊಯ್ಯುವಾಗ ಹೋಗುವ ಅಂಚು, ಹೊಟ್ಟು ಎಂದು ಬಿಡುವ ರೂಢಿ, ದರವೂ ಅದಕ್ಕೆ ಹೊಂದಿಕೊಂಡಿರುತ್ತದೆ. ಆ ಕಡಿತ ಪ್ರತಿ ಮರಕ್ಕೂ ಒಂದೇ ಪ್ರಮಾಣದ್ದು, ವೇರಿಯನ್ಸಿಗೂ ಅದಕ್ಕೂ ಸಂಬಂಧವಿಲ್ಲ. ಸರಾಸರಿ ತೆಗೆದದ್ದರಿಂದ ಆಗುವ ನಷ್ಟ ಅದರ ಮೇಲೆ ಇನ್ನೊಂದು.

"ಸರಾಸರಿ ಬೇಕೇ ಬೇಕು ಅಂದ್ರೆ, ಸರಿಯಾದ ಉತ್ತರ ಕೊಡೋ ಒಂದು ಸುತ್ತಳತೆ ಇದೆಯಾ?"

ಇದೆ. ವರ್ಗಗಳ ಸರಾಸರಿಯ ವರ್ಗಮೂಲ. ನಮ್ಮ ಲಾಟಿಗೆ 17.2ರ ವರ್ಗಮೂಲ, ಸುಮಾರು 4.15 ಅಡಿ. ಹತ್ತೂ ದಿಮ್ಮಿ ಅಷ್ಟೇ ದಪ್ಪವಿದ್ದಿದ್ದರೆ ಒಟ್ಟು ನಾಟಾ 215 ಸಿಎಫ್‌ಟಿಯೇ ಆಗುತ್ತಿತ್ತು. ಅರಣ್ಯಶಾಸ್ತ್ರದವರು ಮರದ ವ್ಯಾಸಕ್ಕೆ ಇಂಥದೇ ಸರಾಸರಿಯನ್ನು ಹೇಳುವುದು ವಾಡಿಕೆ, ಕಾರಣವೂ ಇದೇ.

ಯಾರಾದರೂ ಸರಾಸರಿ ದಪ್ಪ ಹೇಳಿದರೆ ಯಾವ ಸರಾಸರಿ ಎಂದು ಕೇಳಿ. ಮರ ಎಣಿಸಿ ಭಾಗಿಸಿದ 4 ಅಡಿಯೋ, ನಾಟಾದಿಂದ ಹಿಂದಕ್ಕೆ ಬಂದ 4.15 ಅಡಿಯೋ? ಎರಡನೆಯದು ಯಾವಾಗಲೂ ಮೊದಲನೆಯದರಷ್ಟೋ ಅದಕ್ಕಿಂತ ಹೆಚ್ಚೋ ಇರುತ್ತದೆ. ಎರಡರ ವರ್ಗಗಳ ಅಂತರವೇ ವೇರಿಯನ್ಸ್ ಆದ್ದರಿಂದ, ಎರಡನ್ನೂ ಹೇಳಿದರೆ ಮರಗಳು ಎಷ್ಟು ಹರಡಿವೆ ಎಂಬುದೂ ಸಿಕ್ಕಿಬಿಡುತ್ತದೆ.

"ಎಲ್ಲ ಮರಾನೂ 20 ಅಡಿ ಉದ್ದ ಎಲ್ಲಿರುತ್ತೆ ಸಾರ್? ಉದ್ದ ಬೇರೆ ಬೇರೆ ಆದ್ರೆ?"

ಇದು ಒಬ್ಬ ತೋಟದವರು ಕೇಳಿದ್ದು, ಅವರು ಹಿಡಿದದ್ದು ನಿಜವಾದ ಮಿತಿಯನ್ನೇ. ವರ್ಗಗಳ ನಿಯಮ ಸುತ್ತಳತೆಯ ಬಗ್ಗೆ ಮಾತ್ರ ಹೇಳುತ್ತದೆ. ಉದ್ದವೂ ಬದಲಾಗುತ್ತಿದ್ದರೆ ಸುತ್ತಳತೆಯ ವರ್ಗ ಮತ್ತು ಉದ್ದ ಜೊತೆಯಾಗಿ ಹೇಗೆ ಏರಿಳಿಯುತ್ತವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮತ್ತೆ 3 ಅಡಿ, 5 ಅಡಿಯ ಎರಡು ದಿಮ್ಮಿಗಳಿಗೆ ಬನ್ನಿ. ಎರಡೂ 20 ಅಡಿ ಉದ್ದವಿದ್ದರೆ ನಿಜವಾದ ನಾಟಾ 42.5 ಸಿಎಫ್‌ಟಿ, ಸರಾಸರಿ ಲೆಕ್ಕದಲ್ಲಿ 40. ಈಗ ಸಣ್ಣದು 15 ಅಡಿ, ದಪ್ಪದು 25 ಅಡಿ ಉದ್ದ ಎನ್ನಿ. ಸುತ್ತಳತೆಯ ಸರಾಸರಿ 4, ಉದ್ದದ ಸರಾಸರಿ 20, ಸರಾಸರಿ ಲೆಕ್ಕ ಈಗಲೂ 40ನ್ನೇ ಕೊಡುತ್ತದೆ. ಒಂದೊಂದಾಗಿ ಹಾಕಿದರೆ ಸಣ್ಣದು 8.44, ದಪ್ಪದು 39.06, ಕೂಡಿ 47.5. ನಷ್ಟ ಎರಡೂವರೆಯಿಂದ ಏಳೂವರೆಗೆ ಹಾರಿತು.

ಉಲ್ಟಾ ಆದರೆ, ಸಣ್ಣದು 25 ಅಡಿ ಉದ್ದ, ದಪ್ಪದು 15 ಅಡಿ ಉದ್ದ ಇದ್ದರೆ, 14.06 ಮತ್ತು 23.44 ಸೇರಿ 37.5. ಈ ಸಲ ಸರಾಸರಿ ಲೆಕ್ಕವೇ ಹೆಚ್ಚು ಕೊಟ್ಟಿತು, ನಷ್ಟ ವ್ಯಾಪಾರಿಗೆ. ಆದರೆ ಒಂದೇ ನೆಲದಲ್ಲಿ ಬೆಳೆದ ಸಿಲ್ವರ್ ಮರಗಳಲ್ಲಿ ದಪ್ಪವಾದದ್ದು ಸಾಮಾನ್ಯವಾಗಿ ಎತ್ತರವೂ ಆಗಿರುತ್ತದೆ, ಹಾಗಾಗಿ ಮೊದಲ ಸಂದರ್ಭವೇ ಹೆಚ್ಚು. ಅವರಿಗೆ ನಾನು ಹೇಳಿದ್ದು ಇಷ್ಟು: ಟೇಪು ಹಿಡಿಯುವವನ ಪಕ್ಕದಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಂತು, ಪ್ರತಿ ದಿಮ್ಮಿಗೂ ಸುತ್ತಳತೆ ಮತ್ತು ಉದ್ದ ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ, ಆ ಸಾಲಿನ ಕೊನೆಗೇ ಸಿಎಫ್‌ಟಿ ಹಾಕಿ, ಆಮೇಲೆ ಕೂಡಿ.